ರಜೆಯಲ್ಲಿ ತಡವಾದ ಮಗುವಿನ ನಿದ್ದೆ: ಸರಿಮಾಡುವ ಕೆಲಸ ಬೆಳಿಗ್ಗೆ ಶುರುವಾಗಬೇಕು

ಏಪ್ರಿಲ್‌ನಲ್ಲಿ ಪ್ಲೇಸ್ಕೂಲ್‌ಗೆ ರಜೆ ಕೊಟ್ಟಾಗ ರಾತ್ರಿ 9.15ಕ್ಕೆ ಮಲಗುತ್ತಿದ್ದ ಮೂರು ವರ್ಷದ ಮಗು, ಮೇ ಮುಗಿಯುವ ಹೊತ್ತಿಗೆ 11.45 ಆದರೂ ಹಾಲ್‌ನಲ್ಲಿ ಓಡಾಡುತ್ತಿರುತ್ತದೆ. ಹೀಗಾಗಲಿ ಎಂದು ಯಾರೂ ಬಯಸಿರುವುದಿಲ್ಲ. ಇಡೀ ದಿನ ಬಿಸಿಲು ಕುಡಿದ ತಾರಸಿ ರಾತ್ರಿ ಹತ್ತಾದರೂ ಕೋಣೆಯನ್ನು ತಣ್ಣಗಾಗಲು ಬಿಡುವುದಿಲ್ಲ. ಅಜ್ಜಿ ಮನೆಗೆ ಹೋದರೆ ದೊಡ್ಡಮ್ಮನ ಮಕ್ಕಳು, ಚಿಕ್ಕಪ್ಪನ ಮಕ್ಕಳು ಎಲ್ಲ ಸೇರಿರುತ್ತಾರೆ. ಐಪಿಎಲ್ ಪಂದ್ಯ ಶುರುವಾಗುವುದೇ 7.30ಕ್ಕೆ, ಮುಗಿಯುವಷ್ಟರಲ್ಲಿ ಹನ್ನೊಂದು ದಾಟಿರುತ್ತದೆ. ಮದುವೆ ರಿಸೆಪ್ಷನ್‌ಗಳ ಊಟವೂ ತಡ. ಆದರೆ ಇವೆಲ್ಲಕ್ಕಿಂತ ದೊಡ್ಡ ಕಾರಣ ಬೆಳಗಿನ ಕಡೆ ಇದೆ. ವ್ಯಾನ್ ಬರುವುದಿಲ್ಲ, ಹಾಗಾಗಿ ಮಗುವನ್ನು ಎಬ್ಬಿಸುವವರಿಲ್ಲ. ಏಳುವ ಹೊತ್ತಿಗೆ ಕಟ್ಟು ತಪ್ಪಿದ ಮೇಲೆ ಮಲಗುವ ಹೊತ್ತು ದಿನಕ್ಕೆ ಐದು, ಹತ್ತು ನಿಮಿಷದಂತೆ ತಡವಾಗುತ್ತ ಹೋಗುತ್ತದೆ.

ಇದು ಯಾರ ಗಮನಕ್ಕೂ ಬಾರದಿರುವುದಕ್ಕೆ ಒಂದು ಕಾರಣವಿದೆ. ರಜೆಯಲ್ಲಿ ಮಗುವಿನ ನಿದ್ದೆ ಕಡಿಮೆಯಾಗಿರುವುದಿಲ್ಲ. ರಾತ್ರಿ 9.15ರಿಂದ ಬೆಳಿಗ್ಗೆ 7ರವರೆಗೆ ಮಲಗುತ್ತಿದ್ದ ಮಗು ಈಗ 11.45ರಿಂದ 9.45ರವರೆಗೆ ಮಲಗುತ್ತದೆ, ಮಧ್ಯಾಹ್ನದ ನಿದ್ದೆಯೂ ಇದ್ದೇ ಇದೆ. ಮೂರರಿಂದ ಐದು ವರ್ಷದ ಮಕ್ಕಳಿಗೆ ದಿನಕ್ಕೆ 10ರಿಂದ 13 ಗಂಟೆ, ಒಂದರಿಂದ ಎರಡು ವರ್ಷದವರಿಗೆ 11ರಿಂದ 14 ಗಂಟೆ ನಿದ್ದೆ ಬೇಕು, ಹಗಲಿನದೂ ಸೇರಿ. ಆ ಲೆಕ್ಕ ಸರಿಯಾಗಿಯೇ ಇರುತ್ತದೆ. ಮಗು ಗೆಲುವಾಗಿರುತ್ತದೆ, ಚೆನ್ನಾಗಿ ಉಣ್ಣುತ್ತದೆ. ತೊಂದರೆ ಕಾಣುವುದು ಜೂನ್‌ನಲ್ಲಿ, ಮೊದಲ ಸೋಮವಾರ. 9.45ಕ್ಕೆ ಏಳುವ ಮಗುವನ್ನು ಅವತ್ತು 7.15ಕ್ಕೆ ಎಬ್ಬಿಸಿದರೆ, ದಿನವೂ ಏಳಕ್ಕೆ ಏಳುವ ನಮ್ಮನ್ನು ಬೆಳಗಿನ ಜಾವ ನಾಲ್ಕೂವರೆಗೆ ಎಬ್ಬಿಸಿದಷ್ಟೇ ಲೆಕ್ಕ. ಆ ಹೊತ್ತಿಗೆ ಹಸಿವಿರುವುದಿಲ್ಲ, ತಿಂಡಿ ಸೇರುವುದಿಲ್ಲ. ಮನೆಯಲ್ಲಿ ಕಕ್ಕಸ್ಸಿಗೆ ಕೂರಿಸಿದರೂ ಆಗುವುದಿಲ್ಲ, ಶಾಲೆಗೆ ಹೋದ ಮೇಲೆ ಆಗುತ್ತದೆ. ಗೇಟಿನ ಹತ್ತಿರ ಅಮ್ಮನ ಸೆರಗು ಬಿಡದೆ ರಚ್ಚೆ ಹಿಡಿಯುತ್ತದೆ. "ಶಾಲೆ ಅಂದ್ರೆ ಭಯ" ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಅಗಲಿಕೆಯ ಅಳು ನಿಜವೇ, ಆದರೆ ಅದರ ಜೊತೆಗೆ ಎರಡೂವರೆ ಗಂಟೆ ನಿದ್ದೆ ಕಳೆದುಕೊಂಡ ಸಂಕಟವೂ ಸೇರಿರುತ್ತದೆ. ಈ ಎರಡನೆಯದನ್ನು ನಾವು ಮೊದಲೇ ತಪ್ಪಿಸಬಹುದು.

ಹೆಚ್ಚಿನ ಮನೆಗಳಲ್ಲಿ ಮಾಡುವುದೇನೆಂದರೆ, ಶಾಲೆಗೆ ಎರಡು ದಿನ ಇದೆ ಎನ್ನುವಾಗ ರಾತ್ರಿ ಒಂಬತ್ತಕ್ಕೇ ದೀಪ ಆರಿಸಿ ಮಗುವನ್ನು ಮಲಗಿಸಲು ನೋಡುವುದು. ಅದು ಯಾಕೆ ಆಗುವುದಿಲ್ಲ ಎನ್ನುವುದು ಅರ್ಥವಾದರೆ ಉಳಿದದ್ದೆಲ್ಲ ಸುಲಭ.

ನಿದ್ದೆ ಬರಲು ದೇಹದಲ್ಲಿ ಎರಡು ವ್ಯವಸ್ಥೆಗಳು ಒಟ್ಟಿಗೆ ಕೂಡಿಬರಬೇಕು. ಜ್ಯೂರಿಕ್‌ನ ವಿಜ್ಞಾನಿ ಅಲೆಕ್ಸಾಂಡರ್ ಬೊರ್ಬೆಲಿ 1982ರಲ್ಲಿ ಮುಂದಿಟ್ಟ ಈ ವಿವರಣೆ ಇವತ್ತಿಗೂ ನಿದ್ರಾವಿಜ್ಞಾನದ ಬುನಾದಿ. ಮೊದಲನೆಯದು ನಿದ್ದೆಯ ಒತ್ತಡ. ಎಚ್ಚರವಾಗಿದ್ದಷ್ಟು ಹೊತ್ತೂ ಅದು ಹಸಿವಿನಂತೆ ಏರುತ್ತಲೇ ಇರುತ್ತದೆ, ಮಲಗಿದಾಗ ಇಳಿಯುತ್ತದೆ. ಚಿಕ್ಕ ಮಕ್ಕಳಲ್ಲಿ ಇದು ಬಹಳ ಬೇಗ ಏರುತ್ತದೆ, ಅದಕ್ಕೇ ಅವರಿಗೆ ಮಧ್ಯಾಹ್ನವೂ ನಿದ್ದೆ ಬೇಕು. ಎರಡನೆಯದು ದೇಹದೊಳಗಿನ ಗಡಿಯಾರ. ಎರಡು ಕಣ್ಣಿನ ನರಗಳು ಮಿದುಳಿನಲ್ಲಿ ಒಂದನ್ನೊಂದು ದಾಟುವ ಜಾಗದ ಸ್ವಲ್ಪ ಮೇಲೆ ಇದು ಕೂತಿದೆ. ನಿದ್ದೆ, ಹಸಿವು, ಮೈಯ ಉಷ್ಣತೆ ಎಲ್ಲದಕ್ಕೂ ಹೊತ್ತು ಗೊತ್ತುಮಾಡುವುದು ಇದೇ. ಸಂಜೆ ಒಂದು ಹೊತ್ತಿಗೆ ಅದು ಮೆಲಟೋನಿನ್ ಎಂಬ ಹಾರ್ಮೋನ್ ಬಿಡುಗಡೆಯಾಗಲು ಅನುಮತಿ ಕೊಡುತ್ತದೆ. ದೇಹಕ್ಕೆ ರಾತ್ರಿಯಾಯಿತು ಎನ್ನುವ ಸುದ್ದಿ ಮುಟ್ಟುವುದು ಆಗ.

ಮಲಗುವ ಹೊತ್ತಿಗೆ ಮುಂಚಿನ ಎರಡು ಮೂರು ಗಂಟೆಗಳಲ್ಲಿ ಈ ಗಡಿಯಾರ ವಿಚಿತ್ರವಾಗಿ ನಡೆದುಕೊಳ್ಳುತ್ತದೆ. ದಿನವಿಡೀ ಏರಿದ ನಿದ್ದೆಯ ಒತ್ತಡಕ್ಕೆ ಎದುರಾಗಿ ಅದು ತನ್ನ ಎಚ್ಚರದ ಸಂಕೇತವನ್ನು ಅತಿ ಜೋರು ಮಾಡುವುದು ಆಗಲೇ. 1986ರಲ್ಲಿ ಇಸ್ರೇಲಿನ ಪೆರೆಟ್ಸ್ ಲಾವಿ ಇದನ್ನು ತೋರಿಸಿ, ಆ ಹೊತ್ತಿಗೆ ನಿದ್ದೆಯ ನಿಷಿದ್ಧ ವಲಯ ಎಂಬ ಅರ್ಥದ ಹೆಸರಿಟ್ಟರು. ಮನೆಯಲ್ಲಿ ನಾವೇ ಇದನ್ನು ನೋಡಿರುತ್ತೇವೆ. ಎಂಟು ಗಂಟೆಗೆ ಕಣ್ಣುಜ್ಜುತ್ತಿದ್ದ ಮಗು ಒಂಬತ್ತಕ್ಕೆ ಇದ್ದಕ್ಕಿದ್ದಂತೆ ಹುರುಪಾಗಿ ಸೋಫಾದಿಂದ ದಿಂಬಿನ ಮೇಲೆ ಹಾರಲು ಶುರುಮಾಡುತ್ತದೆ. ರಜೆಯಲ್ಲಿ 11.45ಕ್ಕೆ ಮಲಗುವ ಮಗುವಿಗೆ ರಾತ್ರಿ 9.15 ಎಂದರೆ ಸರಿಯಾಗಿ ಈ ವಲಯದ ನಡುಮಧ್ಯ. ಆಗ ಕತ್ತಲೆ ಕೋಣೆಯಲ್ಲಿ ಮಲಗಿಸಿ ಗದರಿದರೆ ಮಗು ನಿದ್ದೆ ಮಾಡುವುದಿಲ್ಲ. ಮಾಡಲು ಅದರಿಂದ ಆಗುವುದೇ ಇಲ್ಲ. ಒಂದೂವರೆ ಗಂಟೆ ನೀರು, ಉಚ್ಚೆ, ಇನ್ನೊಂದು ಕಥೆ ಎಂದು ಸತಾಯಿಸುತ್ತದೆ, ಕೊನೆಗೆ ಇಬ್ಬರೂ ಅಳುತ್ತಾರೆ. ಇದು ನಾಲ್ಕು ದಿನ ನಡೆದರೆ ಹಾಸಿಗೆ ಎಂದರೆ ಜಗಳ ಎನ್ನುವುದು ಮಗುವಿನ ತಲೆಯಲ್ಲಿ ಕೂರುತ್ತದೆ. ಈ ಹಾನಿ ತಡನಿದ್ದೆಗಿಂತ ದೊಡ್ಡದು ಎಂದು ನನಗನ್ನಿಸುತ್ತದೆ.

ಹಾಗಾಗಿ ಗಡಿಯಾರವನ್ನೇ ಬೇಗ ಮಾಡಬೇಕು, ಮತ್ತು ಅದನ್ನು ಹಿಡಿಯುವ ಜಾಗ ಬೆಳಗು. ಮನುಷ್ಯನ ಈ ಗಡಿಯಾರದ ಸುತ್ತು 24 ಗಂಟೆಗಿಂತ ಹತ್ತು ನಿಮಿಷದಷ್ಟು ಉದ್ದ. ತಡವಾಗುವುದು ಅದರ ಸ್ವಭಾವ, ಅದನ್ನು ದಿನವೂ ಬೇಗ ಮಾಡುವುದು ಬೆಳಗಿನ ಬೆಳಕು. ಏಳುವ ಹೊತ್ತನ್ನು ನಾವು ನೇರವಾಗಿ ತೀರ್ಮಾನಿಸಬಹುದು, ಯಾಕೆಂದರೆ ಮಲಗಿರುವ ಮಗುವನ್ನು ಎಬ್ಬಿಸಬಹುದು. ಎಚ್ಚರವಾಗಿರುವ ಮಗುವಿಗೆ ಮಾತ್ರ ನಿದ್ದೆಯನ್ನು ತಂದುಕೊಡಲು ಯಾರಿಂದಲೂ ಆಗದು.

ಇಲ್ಲಿ ಮನೆಯ ಹಿರಿಯರ ಮಾತು ಅಡ್ಡಬರುತ್ತದೆ. "ಮಲಗಿರೋ ಕೂಸನ್ನ ಎಬ್ಬಿಸ್ಬಾರ್ದು ಕಣೇ, ಪಾಪ, ಎಷ್ಟು ಹೊತ್ತಿಗೆ ಮಲಗಿದ್ಯೋ ಏನೋ" ಎನ್ನುತ್ತಾರೆ ಅಜ್ಜಿ. "ಅಮ್ಮಾ, ಇವತ್ತು ಅರ್ಧ ಗಂಟೆ ಬೇಗ ಎಬ್ಬಿಸ್ತೀನಿ ಅಷ್ಟೇ. ಮಧ್ಯಾಹ್ನ ಮಲಗಿಸೋಣ, ನಿದ್ದೆ ಕಮ್ಮಿ ಆಗಲ್ಲ" ಎಂದು ಮಗಳು ಹೇಳಬೇಕಾಗುತ್ತದೆ. ಅಜ್ಜಿಯ ಮಾತಿನಲ್ಲಿ ತಥ್ಯವಿದೆ, ಜ್ವರ ಬಂದ ಮಗುವನ್ನು, ಹಸುಗೂಸನ್ನು ಹಾಗೆ ಎಬ್ಬಿಸಬಾರದು. ಆದರೆ ಹತ್ತು ಗಂಟೆ ಮಲಗಿದ ಆರೋಗ್ಯವಂತ ಮೂರು ವರ್ಷದ ಮಗುವನ್ನು ಅರ್ಧ ಗಂಟೆ ಬೇಗ ಎಬ್ಬಿಸಿದರೆ ಏನೂ ಆಗುವುದಿಲ್ಲ.

ಅರ್ಧ ಗಂಟೆಯೇ ಯಾಕೆ, ಮೊದಲ ದಿನವೇ ಆರೂವರೆಗೆ ಎಬ್ಬಿಸಿಬಿಟ್ಟರೆ ಆಗದೇ? ಆಗದು, ಮತ್ತು ಇದಕ್ಕೆ ಬಹಳ ಜನರಿಗೆ ಗೊತ್ತಿಲ್ಲದ ಒಂದು ಕಾರಣವಿದೆ. ತಾನಾಗಿ ಏಳುವುದಕ್ಕೆ ಎರಡು ಮೂರು ಗಂಟೆ ಮೊದಲು ಮೈಯ ಉಷ್ಣತೆ ಅತಿ ಕೆಳಕ್ಕೆ ಇಳಿಯುವ ಒಂದು ಹೊತ್ತಿದೆ. ಅದು ದಾಟಿದ ಮೇಲೆ ಕಣ್ಣಿಗೆ ಬಿದ್ದ ಬೆಳಕು ಗಡಿಯಾರವನ್ನು ಬೇಗ ಮಾಡುತ್ತದೆ. ಅದಕ್ಕೆ ಮುಂಚೆ ಬಿದ್ದ ಬೆಳಕು ಇನ್ನೂ ತಡಮಾಡುತ್ತದೆ. 9.45ಕ್ಕೆ ಏಳುವ ಮಗುವಿಗೆ ಆ ಹೊತ್ತು ಏಳು ಗಂಟೆಯ ಆಚೀಚೆ. ಆರೂವರೆಗೆ ಎಬ್ಬಿಸಿ ಬಿಸಿಲಿಗೆ ಕರೆದುಕೊಂಡು ಹೋದರೆ ನಾವು ಬಯಸಿದ್ದಕ್ಕೆ ವಿರುದ್ಧವೇ ಆಗಬಹುದು. ಮೇಲಾಗಿ ಆ ಮಗು ಮಧ್ಯಾಹ್ನ ಮೂರು ಗಂಟೆ ಕಾಲ ಮಲಗಿ ಕಳೆದದ್ದನ್ನೆಲ್ಲ ತುಂಬಿಕೊಳ್ಳುತ್ತದೆ, ರಾತ್ರಿ ಮತ್ತೆ ಅದೇ ಹನ್ನೆರಡು.

ಒಂದು ಮಗುವಿನ ಲೆಕ್ಕವನ್ನೇ ಪೂರ್ತಿ ನೋಡೋಣ. ಪುಟ್ಟಿ ಎಂದು ಕರೆಯೋಣ, ವಯಸ್ಸು ಮೂರು. ಮೇ ಕೊನೆಯಲ್ಲಿ ಅವಳು ಏಳುವುದು 9.45ಕ್ಕೆ, ಮಧ್ಯಾಹ್ನದ ನಿದ್ದೆ 4.30ರಿಂದ 6.30, ರಾತ್ರಿ ಮಲಗುವುದು 11.45ಕ್ಕೆ. ಪ್ಲೇಸ್ಕೂಲ್ 9.30ಕ್ಕೆ, ವ್ಯಾನ್ ಒಂಬತ್ತಕ್ಕೆ ಬರುತ್ತದೆ, ಅಂದರೆ 7.15ಕ್ಕೆ ಏಳಬೇಕು. ಬೇಗ ಮಾಡಬೇಕಾದದ್ದು ಎರಡೂವರೆ ಗಂಟೆ. ಎರಡು ದಿನಕ್ಕೆ ಅರ್ಧ ಗಂಟೆಯಂತೆ ಹಿಡಿದರೆ ಹತ್ತು ದಿನ ಬೇಕು, ಕೊನೆಗೆ ನೆಲೆಯೂರಲು ಇನ್ನೆರಡು ದಿನ. ಆದ್ದರಿಂದ ಶಾಲೆ ಸೋಮವಾರ ಶುರುವಾಗುವುದಾದರೆ ಅದಕ್ಕೆ ಹನ್ನೆರಡು ದಿನ ಮೊದಲಿನ ಬುಧವಾರ ಕೆಲಸ ಶುರು.

ಆ ಬುಧವಾರ ಅವಳನ್ನು 9.15ಕ್ಕೆ ಎಬ್ಬಿಸುತ್ತಾರೆ. ಎಬ್ಬಿಸುವುದು ಎಂದರೆ ಹೆಸರು ಕೂಗಿ ಅಲುಗಾಡಿಸುವುದಲ್ಲ. ಹತ್ತು ನಿಮಿಷ ಮೊದಲು ಪರದೆ ಸರಿಸಿ, ಫ್ಯಾನ್ ಕಡಿಮೆ ಮಾಡಿ, ಅಡುಗೆಮನೆಯ ಸದ್ದು ಕೇಳುವಂತೆ ಬಾಗಿಲು ತೆಗೆದಿಟ್ಟರೆ ಅರ್ಧ ಕೆಲಸ ಆಗಿರುತ್ತದೆ. ಎದ್ದ ಕಾಲು ಗಂಟೆಯೊಳಗೆ ಅವಳು ಹೊರಗಿರಬೇಕು: ಅಂಗಳ, ತಾರಸಿ, ಬೀದಿಯ ಕೊನೆಯ ಅಂಗಡಿ, ಎಲ್ಲಾದರೂ ಸರಿ, ಅರ್ಧ ಗಂಟೆ. ಬಿಸಿಲಿಗೇ ನಿಲ್ಲಬೇಕಿಲ್ಲ, ಮರದ ನೆರಳೂ ಸಾಕು. ಬೆಳಕನ್ನು ಅಳೆಯುವ ಮಾನ ಲಕ್ಸ್. ಮನೆಯೊಳಗಿನ ಟ್ಯೂಬ್‌ಲೈಟ್ ಬೆಳಕು ಕೆಲವು ನೂರು ಲಕ್ಸ್ ಇದ್ದರೆ, ಮೋಡ ಮುಚ್ಚಿದ ದಿನವೂ ಹೊರಗೆ ಅದು ಸಾವಿರಗಳಲ್ಲಿರುತ್ತದೆ. ಹಾಗಾಗಿ ಮುಂಗಾರಿನ ಮೋಡ ಕವಿದರೂ ಜಗಲಿಯಲ್ಲಿ ಕೂತು ಹಾಲು ಕುಡಿಸುವುದು ಒಳಗೆ ಕುಡಿಸುವುದಕ್ಕಿಂತ ಎಷ್ಟೋ ಮೇಲು.

ಅವತ್ತು ಮಧ್ಯಾಹ್ನದ ನಿದ್ದೆ 3.45ಕ್ಕೆ, ಏಳುವುದು 5.15ಕ್ಕೆ. ಎರಡು ಗಂಟೆಯಿದ್ದದ್ದು ಒಂದೂವರೆ ಆಯಿತು. ರಾತ್ರಿ ಮಲಗಿಸುವ ಹೊತ್ತು 11.30, ಬರೀ ಕಾಲು ಗಂಟೆ ಬೇಗ. ಇಷ್ಟು ಕಡಿಮೆ ಬದಲಾವಣೆ ಎಂದು ಅಸಮಾಧಾನವಾಗಬಾರದು. ಗುರುವಾರವೂ ಹೀಗೆಯೇ. ಶುಕ್ರವಾರ ಏಳುವುದು 8.45ಕ್ಕೆ, ನಿದ್ದೆ 3.15ಕ್ಕೆ, ರಾತ್ರಿ 11ಕ್ಕೆ. ಭಾನುವಾರ 8.15. ಮಂಗಳವಾರ 7.45, ಅವತ್ತು ಹಗಲಿನ ನಿದ್ದೆ 3.45ಕ್ಕೆಲ್ಲ ಮುಗಿಯುತ್ತದೆ, ರಾತ್ರಿ ಹತ್ತಕ್ಕೆ ಹಾಸಿಗೆ. ಮುಂದಿನ ಗುರುವಾರ 7.15 ಮುಟ್ಟುತ್ತಾಳೆ, ರಾತ್ರಿ 9.30ಕ್ಕೆ ಮಲಗುತ್ತಾಳೆ. ಶನಿವಾರ, ಭಾನುವಾರ ಅದೇ ಹೊತ್ತು ಹಿಡಿದಿಟ್ಟು ರಾತ್ರಿಯನ್ನು 9.15ಕ್ಕೆ ತಂದರೆ ಆಯಿತು. ಊಟ, ತಿಂಡಿಗಳೂ ನಿದ್ದೆಯ ಜೊತೆ ಅಷ್ಟಷ್ಟೇ ಬೇಗ ಆಗಬೇಕು. ರಾತ್ರಿ ಹತ್ತಕ್ಕೆ ಅನ್ನಸಾರು ಉಂಡ ಮಗುವಿಗೆ ಬೆಳಿಗ್ಗೆ ಎಂಟಕ್ಕೆ ಇಡ್ಲಿ ಬೇಕು ಅನ್ನಿಸುವುದಿಲ್ಲ.

ಈ ಲೆಕ್ಕವನ್ನು ಕೆಡಿಸುವುದು ಹೆಚ್ಚಾಗಿ ಹಗಲಿನ ನಿದ್ದೆ. ಪುಟ್ಟಿಯ ವಯಸ್ಸಿನ ಮಗು ಹಗಲು ಮಲಗಿ ಎದ್ದ ಮೇಲೆ ಐದರಿಂದ ಆರು ಗಂಟೆ ಎಚ್ಚರವಿದ್ದರೆ ಮಾತ್ರ ರಾತ್ರಿಗೆ ಬೇಕಾದಷ್ಟು ಒತ್ತಡ ಏರಿರುತ್ತದೆ. ಆರೂವರೆಗೆ ಎದ್ದ ಮಗು ಒಂಬತ್ತಕ್ಕೆ ಮಲಗಬೇಕು ಎನ್ನುವುದು ಆಗದ ಮಾತು. ಹಾಗೆಂದು ಹಗಲಿನ ನಿದ್ದೆಯನ್ನೇ ತಪ್ಪಿಸಿದರೆ ಇನ್ನೂ ಕಷ್ಟ. ಸಂಜೆ ಆರಕ್ಕೆ ಮಗು ಹೊರಳಾಡಿ ಅಳುತ್ತದೆ, ಸ್ಕೂಟರಿನಲ್ಲಿ ಅಪ್ಪನ ಮುಂದೆ ನಿಂತಲ್ಲೇ ತೂಕಡಿಸುತ್ತದೆ. ಆ ಹೊತ್ತಿನ ಹದಿನೈದು ನಿಮಿಷದ ನಿದ್ದೆ ಸಾಕು, ಅಷ್ಟು ಹೊತ್ತಿಂದ ಏರಿದ ಒತ್ತಡವೆಲ್ಲ ಕೆಳಗಿಳಿದು ರಾತ್ರಿ ಮತ್ತೆ ಹನ್ನೊಂದಾಗುತ್ತದೆ. ಈ ದಿನಗಳಲ್ಲಿ ಸಂಜೆ ಐದರ ಮೇಲೆ ಗಾಡಿಯಲ್ಲಿ ಕರೆದೊಯ್ಯದಿರುವುದೇ ಒಳ್ಳೆಯದು.

ಇನ್ನು ಸಂಜೆಯ ಬೆಳಕು. ಬೆಂಗಳೂರಿನಲ್ಲಿ ವರ್ಷದ ಅತಿ ಬೇಗನೆಯ ಸೂರ್ಯಾಸ್ತಕ್ಕೂ ಅತಿ ತಡವಾದ ಸೂರ್ಯಾಸ್ತಕ್ಕೂ ಇರುವ ಅಂತರ ಹೆಚ್ಚೂಕಡಿಮೆ ಒಂದು ಗಂಟೆ. ಮೇ ಕೊನೆಯಲ್ಲೂ 6.40ರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಲಂಡನ್ನಿನಲ್ಲಿರುವ ಕನ್ನಡದ ಮನೆಗಳಿಗೆ ಜೂನ್‌ನಲ್ಲಿ ರಾತ್ರಿ ಒಂಬತ್ತು ದಾಟಿದರೂ ಹೊರಗೆ ಬೆಳಕಿರುವುದೇ ತಲೆನೋವು, ಅವರು ಕಿಟಕಿಗೆ ದಪ್ಪ ಪರದೆ ಹಾಕಬೇಕು. ನಮ್ಮಲ್ಲಿ ಆ ಸಬೂಬಿಲ್ಲ. ಇಲ್ಲಿ ತಡಮಾಡುವುದು ಪೂರ್ತಿ ಮನೆಯೊಳಗಿನ ದೀಪ. ಮಕ್ಕಳ ಕಣ್ಣಿನ ಪಾಪೆ ದೊಡ್ಡದು, ಮಸೂರ ತಿಳಿ. ನಮಗಿಂತ ಹೆಚ್ಚು ಬೆಳಕು ಅವರೊಳಗೆ ಇಳಿಯುತ್ತದೆ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಮೂರರಿಂದ ಐದು ವರ್ಷದ ಮಕ್ಕಳಿಗೆ ಮಲಗುವ ಮುಂಚಿನ ಒಂದು ಗಂಟೆ ಪ್ರಖರ ಬೆಳಕು ತೋರಿಸಿದಾಗ ಮೆಲಟೋನಿನ್ ಶೇ. 88ರಷ್ಟು ಕುಗ್ಗಿತು. ದೀಪ ಆರಿಸಿ ಮುಕ್ಕಾಲು ಗಂಟೆ ಕಳೆದರೂ ಅದು ಮೊದಲಿನಂತಾಗಲಿಲ್ಲ. ಅಧ್ಯಯನಕ್ಕೆ ಒಳಗಾದ ಮಕ್ಕಳು ಹತ್ತೇ ಮಂದಿ, ಬೆಳಕೂ ಸಾಮಾನ್ಯ ಮನೆಗಿಂತ ಜೋರು ಎನ್ನುವುದು ನಿಜ. ಆದರೂ ದಿಕ್ಕು ಸ್ಪಷ್ಟವಿದೆ. ಮಲಗಿಸುವ ಒಂದೂವರೆ ಗಂಟೆ ಮೊದಲು ಹಾಲ್‌ನ ಟ್ಯೂಬ್‌ಲೈಟ್ ಆರಿಸಿ, ಮೂಲೆಯ ಹಳದಿ ಬಲ್ಬ್ ಒಂದನ್ನೇ ಉಳಿಸಿಕೊಳ್ಳಿ. ಮಲಗುವ ಕೋಣೆಗೆ ಜೀರೋ ಬಲ್ಬ್ ಸಾಕು. ಪಂದ್ಯ ನೋಡಲೇಬೇಕಾದವರು ಬೇರೆ ಕೋಣೆಯಲ್ಲಿ ನೋಡಲಿ. ತುತ್ತು ತಿನ್ನಿಸಲು ಮೊಬೈಲ್ ಹಿಡಿಯುವ ಅಭ್ಯಾಸ ಇರುವಲ್ಲಿ ರಾತ್ರಿಯ ಊಟವೊಂದನ್ನಾದರೂ ಅದರಿಂದ ಬಿಡಿಸಬೇಕು.

ನಡೆಯುತ್ತಿರುವುದು ಸರಿಯೇ ಎಂದು ತಿಳಿಯಲು ನೋಡಬೇಕಾದದ್ದು ಒಂದೇ: ದೀಪ ಆರಿಸಿದ ಮೇಲೆ ನಿದ್ದೆ ಬರಲು ಎಷ್ಟು ಹೊತ್ತಾಗುತ್ತದೆ. ಇಪ್ಪತ್ತು, ಇಪ್ಪತ್ತೈದು ನಿಮಿಷದೊಳಗೆ ಬಂದರೆ ಗಡಿಯಾರ ಜೊತೆಗೆ ಬರುತ್ತಿದೆ, ಮುಂದಿನ ಹೆಜ್ಜೆ ಇಡಬಹುದು. ಮುಕ್ಕಾಲು ಗಂಟೆ ಹೊರಳಾಡಿದರೆ ನಾವು ಅವಸರ ಮಾಡಿದ್ದೇವೆ ಎಂದರ್ಥ. ಆಗ ಮರುದಿನ ರಾತ್ರಿಯ ಹೊತ್ತನ್ನು ಕಾಲು ಗಂಟೆ ತಡಮಾಡಿ, ಏಳುವ ಹೊತ್ತನ್ನು ಮಾತ್ರ ಬಿಡಬೇಡಿ. ತದ್ವಿರುದ್ಧವಾಗಿ, ದಿಂಬಿಗೆ ತಲೆ ಕೊಟ್ಟ ಎರಡು ನಿಮಿಷಕ್ಕೇ ನಿದ್ದೆ ಹೋಗಿ, ಮರುದಿನ ಹನ್ನೊಂದು ಗಂಟೆಗೆಲ್ಲ ಕಿರಿಕಿರಿ ಮಾಡಿದರೆ ನಿದ್ದೆ ಸಾಲುತ್ತಿಲ್ಲ, ಒಂದು ದಿನ ಹೆಚ್ಚು ನಿಂತು ಮುಂದೆ ಹೋಗಿ.

ಶಾಲೆಗೆ ನಾಲ್ಕೇ ದಿನ ಉಳಿದಿದ್ದರೆ ಎರಡೂವರೆ ಗಂಟೆ ಪೂರ್ತಿ ಸರಿಹೋಗುವುದಿಲ್ಲ. ದಿನಕ್ಕೆ ಅರ್ಧ ಗಂಟೆಯಂತೆ ಎಷ್ಟಾಗುತ್ತದೋ ಅಷ್ಟು ಮಾಡಿ, ಮೊದಲ ವಾರ ಮಗು ದಣಿದಿರುತ್ತದೆ ಎಂದು ಟೀಚರಿಗೆ ಮೊದಲೇ ಹೇಳಿಡುವುದು ಒಳ್ಳೆಯದು. ನಿದ್ದೆ ಬರಲೆಂದು ಕೆಮ್ಮು, ಶೀತದ ಸಿರಪ್ ಕುಡಿಸುವುದು, ಮೆಲಟೋನಿನ್ ಗಮ್ಮಿಗಳನ್ನು ತರಿಸಿಕೊಡುವುದು ಎರಡೂ ಬೇಡ. ಅವು ವೈದ್ಯರು ಹೇಳಿದರೆ ಮಾತ್ರ ಕೊಡಬೇಕಾದವು. ವಾರಗಟ್ಟಲೆ ಹೊತ್ತು ಪಾಲಿಸಿದರೂ ನಿದ್ದೆ ಸರಿಹೋಗದೆ, ಮಗು ದಿನವೂ ಗೊರಕೆ ಹೊಡೆಯುತ್ತ, ಬಾಯಿ ತೆರೆದು ಉಸಿರಾಡುತ್ತ, ನಡುವೆ ಉಸಿರು ನಿಂತು ಎಳೆದಂತಾಗುತ್ತಿದ್ದರೆ ಅದು ಹೊತ್ತಿನ ಸಮಸ್ಯೆಯಲ್ಲ, ಮೂಗಿನ ಹಿಂದಿರುವ ಅಡೆನಾಯ್ಡ್ ಎಂಬ ಗ್ರಂಥಿ ಊದಿರಬಹುದು. ರಾತ್ರಿಯಿಡೀ ಕಾಲು ಒದರುವ ಮಗುವಿಗೆ ಕಬ್ಬಿಣದ ಅಂಶ ಕಡಿಮೆ ಇರಬಹುದು. ಇವೆರಡಕ್ಕೂ ಮಕ್ಕಳ ವೈದ್ಯರನ್ನು ಕಾಣಬೇಕು.

ಶಾಲೆ ಶುರುವಾದ ಮೇಲೆ ಎಲ್ಲ ಸರಿಹೋಯಿತು ಎನ್ನುವಾಗ ಹೊಸದೊಂದು ತೊಡಕು ಬರುತ್ತದೆ, ಮರಳುವ ವ್ಯಾನಿನ ನಿದ್ದೆ. 12.30ಕ್ಕೆ ಹೊರಟ ಮಗು ಹತ್ತು ನಿಮಿಷದಲ್ಲಿ ಸೀಟಿಗೆ ಒರಗಿ ನಿದ್ದೆ ಹೋಗುತ್ತದೆ. ಮನೆ ಬಂದಾಗ ಎಚ್ಚರವಾಗಿ ಊಟ ಮಾಡಿ, ಮತ್ತೆ ಮಲಗಲು ಒಪ್ಪುವುದಿಲ್ಲ. ಆ ಚೂರು ನಿದ್ದೆ ಒತ್ತಡದ ತುದಿಯನ್ನು ಮುರಿದಿರುತ್ತದೆ. ಸಂಜೆ ಐದಕ್ಕೆ ಅದೇ ಮಗು ಸೋಫಾದ ಮೇಲೆ ಸೊಂಪಾಗಿ ಮಲಗಿರುತ್ತದೆ, ರಜೆಯ ವೇಳಾಪಟ್ಟಿ ಒಂದೇ ವಾರದಲ್ಲಿ ಮರಳಿ ಬರುತ್ತದೆ. ಮನೆ ಹತ್ತಿರವಿದ್ದರೆ ಮೊದಲ ಎರಡು ವಾರ ಯಾರಾದರೂ ಹೋಗಿ, ದಾರಿಯುದ್ದಕ್ಕೂ ಮಾತಾಡಿಸುತ್ತ ಕರೆತರುವುದು ಉತ್ತಮ. ಅದು ಆಗದಿದ್ದರೆ, ಮಲಗಿದ ಮಗುವನ್ನು ಹಾಗೇ ಎತ್ತಿ ತಂದು ಹಾಸಿಗೆಗೆ ಹಾಕಿ, ಊಟವನ್ನು ಎದ್ದ ಮೇಲೆ ಕೊಡಿ. ಎರಡೂವರೆಯೊಳಗೆ ಎಬ್ಬಿಸಿ. ಭಾನುವಾರಗಳಲ್ಲಿ 7.45ರವರೆಗೆ ಮಲಗಲು ಬಿಡಬಹುದು, ಅದಕ್ಕಿಂತ ಹೆಚ್ಚು ಬೇಡ. ಭಾನುವಾರ ಒಂಬತ್ತಕ್ಕೆ ಎದ್ದ ಮಗುವಿಗೆ ಆ ರಾತ್ರಿ ನಿದ್ದೆ ಹತ್ತೂವರೆಗೆ ಮೊದಲು ಬರುವುದಿಲ್ಲ, ಸೋಮವಾರ ಬೆಳಿಗ್ಗೆ ವ್ಯಾನ್ ಮಾತ್ರ ಒಂಬತ್ತಕ್ಕೇ ಬರುತ್ತದೆ.